ಎರಡೂ ಊರಲ್ಲಿ ಹೇಳಬಹುದಾದ ಜೋಕು

ಮದುವೆ ಭಾಷಣವನ್ನು "ಒಂಚೂರು ನೋಡಿ ಕೊಡಿ" ಎಂದು ಕಳಿಸುವವರೆಲ್ಲ ಕೇಳುವುದು ಮೂರೇ ಪ್ರಶ್ನೆ. ಉದ್ದ ಜಾಸ್ತಿಯಾಯಿತಾ? ಯಾವುದಾದರೂ ಜೋಕಿಗೆ ಯಾರಾದರೂ ಬೇಜಾರು ಮಾಡಿಕೊಳ್ಳುತ್ತಾರಾ? ಕೊನೆಗೆ ಜನರ ಕಣ್ಣಲ್ಲಿ ನೀರು ಬರುತ್ತದಾ? ಅನುವಾದದ ಕೆಲಸದ ಜೊತೆಗೆ ಇಂಥ ಕಾಗದಗಳೂ ನನ್ನ ಮೇಜಿಗೆ ಬರುತ್ತವೆ, ಕನ್ನಡದಿಂದ ತೆಲುಗಿಗೆ, ತೆಲುಗಿನಿಂದ ಕನ್ನಡಕ್ಕೆ, ಹೆಚ್ಚಿನವು ಇಂಗ್ಲಿಷಿನಿಂದ ಎರಡಕ್ಕೂ. ಪ್ರಶ್ನೆಗಳ ಮೇಲೆ ನನಗೆ ಸಿಟ್ಟಿಲ್ಲ. ಅವುಗಳಿಗೆ ಉತ್ತರ ಆ ಕಾಗದದೊಳಗೇ ಇದೆ ಎಂಬ ನಂಬಿಕೆಯ ಮೇಲೆ ಇದೆ. ಪದ ಎಣಿಸಿ, ಕೆಟ್ಟ ಮಾತು ಹುಡುಕಿ ತೆಗೆದು, ಕೊನೆಗೊಂದು ಒದ್ದೆ ಸಾಲು ಅಂಟಿಸಿದರೆ ಭಾಷಣ ಸುರಕ್ಷಿತವಾಯಿತು ಎಂದುಕೊಳ್ಳುತ್ತೇವಲ್ಲ, ಅದರಿಂದ ಒಳ್ಳೆಯ ಜೋಕು ಸಾಯುತ್ತದೆ, ನೋಯಿಸುವ ಸಾಲು ನೆಟ್ಟಗೆ ವೇದಿಕೆ ಹತ್ತುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮದುವೆಗೆ ಭಾಷಣ ಹೊಸ ಅತಿಥಿ. ಮಂತ್ರವಿತ್ತು, ಹಾಡಿತ್ತು, ಬೈಗುಳವಿತ್ತು, ಅಳುವಿತ್ತು. ಗೆಳೆಯನೊಬ್ಬ ಮೈಕ್ ಹಿಡಿದು ವರನ ಗುಣಗಾನ ಮಾಡುವ ಪದ್ಧತಿ ಇರಲಿಲ್ಲ. ಅದು ಇಂಗ್ಲಿಷ್ ಸಿನಿಮಾದಿಂದಲೂ ಆಫೀಸಿನ ಬೀಳ್ಕೊಡುಗೆ ಸಮಾರಂಭಗಳಿಂದಲೂ ಬಂತು, ಬರುವಾಗ ತನ್ನ ಅಳತೆಗೋಲನ್ನೂ ತಂದಿತು. ಬರಲಿ, ತೊಂದರೆಯಿಲ್ಲ. ಅಳತೆಗೋಲನ್ನು ಮಾತ್ರ ಇಲ್ಲಿಯ ಹಾಲಿಗೆ ಹಿಡಿದು ನೋಡಬೇಕು.

ಒಂದು ಭಾಷಣವನ್ನೇ ತೆಗೆದುಕೊಳ್ಳೋಣ. ಹೆಸರುಗಳು ಬೇಡ. ವರ ವಿಶಾಖಪಟ್ಟಣದವನು, ಮನೆತನದ ಬೇರು ಶ್ರೀಕಾಕುಳಂ ಕಡೆಯದು. ವಧು ವಿಜಯವಾಡದವಳು. ಭಾಷಣ ಮಾಡುವವನು ಹುಬ್ಬಳ್ಳಿಯ ಹುಡುಗ, ವರನ ಜೊತೆ ಬೆಂಗಳೂರಿನ ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಒಂದೇ ರೂಮಿನಲ್ಲಿ ಇದ್ದವನು. ಮದುವೆ ಹೆಣ್ಣಿನ ಊರಲ್ಲಿ, ರಿಸೆಪ್ಷನ್ ಗಂಡಿನ ಊರಲ್ಲಿ. ಅವನು ಅದೇ ಭಾಷಣವನ್ನು ಎರಡು ಸಲ ಮಾಡಬೇಕಿತ್ತು: ಮದುವೆಯ ಹಿಂದಿನ ಸಂಜೆ ವಿಜಯವಾಡದಲ್ಲಿ, ಎರಡು ದಿನ ಬಿಟ್ಟು ವಿಶಾಖಪಟ್ಟಣದಲ್ಲಿ. ನಡುವೆ ಸುಮಾರು 350 ಕಿಲೋಮೀಟರ್, ರತ್ನಾಚಲ್ ಎಕ್ಸ್‌ಪ್ರೆಸ್ಸಿನಲ್ಲಿ ಆರು ಗಂಟೆಯ ದಾರಿ. ಭಾಷಣವನ್ನು ಇಂಗ್ಲಿಷಿನಲ್ಲಿ ಬರೆದಿದ್ದ, ತೆಲುಗಿಗೆ ತಂದು, ಅವನು ಓದುವುದಕ್ಕೆ ಕನ್ನಡ ಲಿಪಿಯಲ್ಲಿ ಬರೆದುಕೊಡಬೇಕಿತ್ತು. ನನಗೆ ಬರುವ ಮೊದಲೇ ಅವನ ಇಬ್ಬರು ಸ್ನೇಹಿತರು ಅದನ್ನು "ರಿವ್ಯೂ" ಮಾಡಿದ್ದರು.

ಉದ್ದದಿಂದ ಶುರುಮಾಡೋಣ, ಏಕೆಂದರೆ ಇದು ಸುಲಭ. ಇಂಗ್ಲಿಷ್ ಕರಡಿನಲ್ಲಿ ಹತ್ತಿರಹತ್ತಿರ 900 ಪದ ಇತ್ತು. ತೆಲುಗಿಗೆ ತಂದಾಗ 600ರ ಆಸುಪಾಸಿಗೆ ಇಳಿಯಿತು. ಹುಡುಗನಿಗೆ ಭಾರಿ ಖುಷಿ, ಮೂರನೇ ಒಂದು ಭಾಗ ತಾನಾಗಿಯೇ ಕಡಿಮೆಯಾಯಿತಲ್ಲ ಎಂದು. ಗಡಿಯಾರ ಇಟ್ಟುಕೊಂಡು ಓದಿಸಿದರೆ ಎರಡಕ್ಕೂ ಏಳು ನಿಮಿಷ! ಇದರಲ್ಲಿ ಆಶ್ಚರ್ಯವೇನಿಲ್ಲ. ತೆಲುಗು, ಕನ್ನಡ ಎರಡೂ ಪ್ರತ್ಯಯಗಳನ್ನು ಪದಕ್ಕೆ ಅಂಟಿಸುತ್ತಾ ಹೋಗುವ ಭಾಷೆಗಳು. 'ಬರಲಾಗದಿದ್ದವರಿಗೂ' ನಮಗೆ ಒಂದು ಪದ. ಅದನ್ನೇ ಇಂಗ್ಲಿಷಿನಲ್ಲಿ ಹೇಳಲು ಆರೇಳು ಬೇಕು. ನಾಲಗೆ ಮಾತ್ರ ಒಂಬತ್ತು ಅಕ್ಷರವನ್ನೂ ಉಚ್ಚರಿಸಲೇಬೇಕು. ನಿಮಿಷಕ್ಕೆ ಇಷ್ಟು ಪದ ಎನ್ನುವ ಇಂಗ್ಲಿಷ್ ಲೆಕ್ಕ ಇಲ್ಲಿ ಏನೂ ಹೇಳುವುದಿಲ್ಲ. ಗಟ್ಟಿಯಾಗಿ ನಿಂತು ಓದಿ, ಗಡಿಯಾರ ನೋಡಿ. ಫಂಕ್ಷನ್ ಹಾಲಿನ ಪ್ರತಿಧ್ವನಿಗೆ, ನಗುವಿಗೆ ಇನ್ನೊಂದಷ್ಟು ಸೇರಿಸಿ. ಬೇರೆ ದಾರಿಯಿಲ್ಲ.

ಅದಕ್ಕಿಂತ ಮುಖ್ಯವಾದ ಲೆಕ್ಕ ಇನ್ನೊಂದಿದೆ. ರಿಸೆಪ್ಷನ್ನಿನಲ್ಲಿ ಗಂಡು ಹೆಣ್ಣು ವೇದಿಕೆಯ ಮೇಲೆ ನಿಂತಿರುತ್ತಾರೆ, ಕೆಳಗೆ ಉಡುಗೊರೆ ಹಿಡಿದ ಸಾಲು. ಒಂದೊಂದು ಕುಟುಂಬ ಮೇಲೆ ಬಂದು, ಅಕ್ಷತೆ ಹಾಕಿ, ಫೋಟೋಕ್ಕೆ ನಿಂತು ಇಳಿಯಲು ಸುಮಾರು ಅರ್ಧ ನಿಮಿಷ. ಭಾಷಣ ಶುರುವಾದ ಕೂಡಲೇ ಈ ಸಾಲು ನಿಂತುಬಿಡುತ್ತದೆ. ಏಳು ನಿಮಿಷದ ಭಾಷಣ ಎಂದರೆ ಹದಿನಾಲ್ಕು ಕುಟುಂಬ, ಅಂದರೆ ಐವತ್ತು ಅರವತ್ತು ಮಂದಿ, ನಿದ್ದೆಗೆ ಜಾರಿದ ಮಕ್ಕಳನ್ನು ಎತ್ತಿಕೊಂಡು, ಮಂಡಿನೋವಿನ ಅಜ್ಜಿಯರ ಕೈ ಹಿಡಿದುಕೊಂಡು, ಊಟವಿಲ್ಲದೆ ನಿಂತಿದ್ದಾರೆ ಎಂದರ್ಥ. ಭಾಷಣಕ್ಕೆ ಎಷ್ಟು ಸಮಯ ಎಂದು ನನ್ನನ್ನು ಕೇಳುವ ಬದಲು ಆ ಸಾಲನ್ನು ಕೇಳಬೇಕು. ವಿಜಯವಾಡದ ಹಿಂದಿನ ಸಂಜೆಯಲ್ಲಿ ಇಂಥ ಸಾಲಿಲ್ಲ, ಎಲ್ಲರೂ ಕೂತಿರುತ್ತಾರೆ. ಅಲ್ಲಿ ಐದು ನಿಮಿಷವೂ ನಡೆಯುತ್ತದೆ. ಒಂದೇ ಭಾಷಣಕ್ಕೆ ಎರಡು ಊರಲ್ಲಿ ಎರಡು ಉದ್ದ.

ಏನನ್ನು ಕಡಿಯಬೇಕು ಎಂದಾಗ ಎಲ್ಲರ ಕೈಯೂ ಜೋಕಿನ ಕಡೆ ಹೋಗುತ್ತದೆ. ನಾನು ಮೊದಲು ಕಡಿಯುವುದು ವಂದನಾರ್ಪಣೆಯನ್ನು. ಈ ಕರಡಿನ ಮೊದಲ ಒಂದೂವರೆ ನಿಮಿಷ ಬರೀ ಹೆಸರುಗಳು: ಪೆದನಾನ್ನಗಾರು, ಬಾಬಾಯಿಗಾರು, ಮಾವಯ್ಯಗಾರು. ಕನ್ನಡದ ಕಾರ್ಯಕ್ರಮಗಳಲ್ಲಿ "ವೇದಿಕೆಯನ್ನು ಅಲಂಕರಿಸಿರುವ" ಎಂದು ಶುರುವಾಗಿ ಮುಗಿಯದ ಆ ಪಟ್ಟಿಯ ತಮ್ಮನೇ ಇದು. ಬೇಸರಕ್ಕಿಂತ ದೊಡ್ಡ ಅಪಾಯ ಇದರಲ್ಲಿದೆ. ಹನ್ನೊಂದು ಹಿರಿಯರ ಹೆಸರು ಹೇಳಿ ಹನ್ನೆರಡನೆಯವರನ್ನು ಬಿಟ್ಟರೆ, ಆ ಮುನಿಸು ಮೊಮ್ಮಕ್ಕಳ ನಾಮಕರಣದವರೆಗೂ ಇಳಿಯುವುದಿಲ್ಲ. ಒಂದು ಜೋಕಿನಿಂದ ಆಗುವ ಬೇಜಾರು ಇದರ ಮುಂದೆ ಏನೂ ಅಲ್ಲ. ಯಾರ ಹೆಸರನ್ನೂ ಹೇಳದೆ "ಪೆದ್ದಲಂದರಿಕೀ ನಮಸ್ಕಾರಂ" ಎಂದರೆ ಮೂರು ಸೆಕೆಂಡಿನ ಕೆಲಸ, ಎಲ್ಲ ಹಿರಿಯರೂ ಅದರೊಳಗೆ ಬಂದರು.

ಈಗ ಜೋಕಿಗೆ ಬರೋಣ. ಹಳೆಯ ಪ್ರೇಯಸಿಯ ಒಂದು ಕಥೆ ಇತ್ತು, ಆರ್.ಕೆ. ಬೀಚಿನಲ್ಲಿ ಬಿಯರ್ ಕುಡಿದ ಒಂದು ಕಥೆ ಇತ್ತು. ಸ್ನೇಹಿತರು ಎರಡನ್ನೂ ತೆಗೆಸಿದ್ದರು, ಸರಿಯಾಗಿಯೇ. ಅಲ್ಲಿಗೆ ತಮ್ಮ ಕೆಲಸ ಮುಗಿಯಿತೆಂದು "ಉಳಿದದ್ದೆಲ್ಲ ಸೇಫ್" ಎಂದು ಬರೆದಿದ್ದರು. ಸೇಫ್ ಎಂದು ಉಳಿಸಿದ್ದರಲ್ಲಿ ಇದೊಂದಿತ್ತು, ಕನ್ನಡದಲ್ಲಿ ಹೇಳುತ್ತೇನೆ:

"ಹಾಸ್ಟೆಲಿಗೆ ಬಂದ ಮೊದಲ ದಿನ ಇವನು ನನ್ನ ಮುಖ ನೋಡಿ 'ಏಟಿ?' ಅಂದ. ನಾನು ಪಾಪ, ದುಡ್ಡು ಕೇಳುತ್ತಿದ್ದಾನೆ ಅಂದುಕೊಂಡು ಎಂಬತ್ತು ರೂಪಾಯಿ ಕೊಟ್ಟೆ. ಇವತ್ತಿಗೂ ವಾಪಸ್ ಬಂದಿಲ್ಲ. ಇನ್ನು ಆ ಚಿಂತೆಯಿಲ್ಲ. ವಿಜಯವಾಡದ ಹುಡುಗಿ ಸಿಕ್ಕಿದ್ದಾಳೆ, ಇವನಿಗೆ ಸರಿಯಾದ ತೆಲುಗು ಕಲಿಸುತ್ತಾಳೆ."

'ಏಟಿ' ಎಂದರೆ 'ಏನು'. ತೆಲುಗಿನ ಪತ್ರಿಕೆ, ಸಿನಿಮಾಗಳ ಭಾಷೆಯಲ್ಲಿ ಅದು 'ಏಮಿಟಿ' ಅಥವಾ 'ಏಂಟಿ'. ಶ್ರೀಕಾಕುಳಂ, ವಿಜಯನಗರಂ, ವಿಶಾಖಪಟ್ಟಣದ ಕಡೆ, ಅಂದರೆ ಉತ್ತರಾಂಧ್ರದಲ್ಲಿ, 'ಏಟಿ'. ಇಂಗ್ಲಿಷಿನ ಎಂಬತ್ತಿಗೂ ಅದಕ್ಕೂ ಕಿವಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಜೋಕು ನಿಂತಿರುವುದೇ ಅಲ್ಲಿ. ನನ್ನ ಪ್ರಕಾರ ಒಳ್ಳೆಯ ಜೋಕು. ಮೊದಲ ಮೂರು ವಾಕ್ಯ.

ಇಲ್ಲಿ ಸ್ವಲ್ಪ ಹಿನ್ನೆಲೆ ಬೇಕು. ಇವತ್ತು ಶಿಷ್ಟ ತೆಲುಗು ಎನಿಸಿಕೊಂಡಿರುವುದು ಕೃಷ್ಣಾ, ಗುಂಟೂರು, ಗೋದಾವರಿ ಜಿಲ್ಲೆಗಳ ಓದಿದವರ ಮಾತಿಗೆ ಹತ್ತಿರವಾದದ್ದು. ವಿಜಯವಾಡ ಅದರ ನಟ್ಟನಡುವೆ ಕೂತಿದೆ. ಉತ್ತರಾಂಧ್ರದ ಮಾತನ್ನು ತೆಲುಗು ಸಿನಿಮಾ ಬಹುಕಾಲ ಮನೆಗೆಲಸದವರ, ಪೆದ್ದ ಹಳ್ಳಿಗನ, ಕಾಮಿಡಿ ಪಾತ್ರದ ಬಾಯಿಗೆ ಕೊಟ್ಟಿತು. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಹುಬ್ಬಳ್ಳಿ–ಧಾರವಾಡದ ಕನ್ನಡವನ್ನೂ ಮಂಗಳೂರಿನ ಕನ್ನಡವನ್ನೂ ನಮ್ಮ ಸಿನಿಮಾ ಎಲ್ಲಿ ಕೂರಿಸಿದೆ ಎಂದು ನೋಡಿದ್ದೇವೆ. ತಮಾಷೆಯೆಂದರೆ, ಗ್ರಾಂಥಿಕ ತೆಲುಗನ್ನು ಪಕ್ಕಕ್ಕೆ ಸರಿಸಿ ಆಡುಮಾತಿಗೆ ಮರ್ಯಾದೆ ಕೊಡಿಸಿದ್ದು ಅದೇ ಉತ್ತರಾಂಧ್ರದ ಜನ. ಗಿಡುಗು ರಾಮಮೂರ್ತಿ ಶ್ರೀಕಾಕುಳಂ ಸೀಮೆಯವರು. ಅವರು ಹುಟ್ಟಿದ ಆಗಸ್ಟ್ 29ನ್ನೇ ತೆಲುಗು ಭಾಷಾ ದಿನವಾಗಿ ಆಚರಿಸುತ್ತಾರೆ. ಗುರಜಾಡ ಅಪ್ಪಾರಾವ್ ಅವರ 'ಕನ್ಯಾಶುಲ್ಕಂ' ನಾಟಕ 1892ರಲ್ಲಿ ವಿಜಯನಗರಂನಲ್ಲಿ ರಂಗಕ್ಕೆ ಬಂತು, ಆ ಸೀಮೆಯ ಮಾತಿನಲ್ಲೇ, ಅದೂ ಮದುವೆಯ ವ್ಯಾಪಾರವನ್ನೇ ಗೇಲಿ ಮಾಡುತ್ತಾ. ಆಧುನಿಕ ತೆಲುಗಿನ ದೊಡ್ಡ ಹಾಸ್ಯನಾಟಕ ಯಾವ ಮಾತಿನಲ್ಲಿ ಹುಟ್ಟಿತೋ ಆ ಮಾತೇ ಈಗ ಹಾಸ್ಯಕ್ಕೆ ಗುರಿ.

ಈಗ ಆ ಜೋಕನ್ನು ಹಾಲಿನಲ್ಲಿ ಇಟ್ಟು ನೋಡಿ. ವಿಜಯವಾಡದಲ್ಲಿ ಮುಕ್ಕಾಲು ಪಾಲು ಜನ ಹೆಣ್ಣಿನ ಕಡೆಯವರು. ಮೊದಲ ಮೂರು ವಾಕ್ಯಕ್ಕೆ ನಗುತ್ತಾರೆ, ಆ ನಗು ಯಾರ ಮೇಲೆ? ಅರ್ಥವಾಗದೆ ದುಡ್ಡು ತೆಗೆದುಕೊಟ್ಟ ಹುಬ್ಬಳ್ಳಿ ಹುಡುಗನ ಮೇಲೆ. ಪೆದ್ದ ಅವನೇ. ವರನಿಗೆ ಎಂಬತ್ತು ರೂಪಾಯಿ ಲಾಭ. ಕೊನೆಯ ಸಾಲು ಬಂದಾಗ ನಗು ಜಾಗ ಬದಲಿಸುತ್ತದೆ. 'ಸರಿಯಾದ ತೆಲುಗು' ಎಂದ ಕೂಡಲೇ ಹಾಲಿನ ಮುಕ್ಕಾಲು ಪಾಲು ಮೇಷ್ಟ್ರಾಗುತ್ತಾರೆ, ಉಳಿದ ಕಾಲು ಪಾಲು ವಿದ್ಯಾರ್ಥಿಗಳಾಗುತ್ತಾರೆ. ಮೊದಲ ಸಾಲಿನಲ್ಲಿ ಕೂತ ವರನ ತಾಯಿ ಬಾಯಿ ತೆರೆದರೆ ಬರುವುದು 'ಏಟಿ'ಯೇ. ಊಟದ ಹೊತ್ತಿಗೆ ಬೀಗರ ಪಕ್ಕ ಕೂತು ಏನಾದರೂ ಕೇಳಬೇಕೆಂದರೆ ಆಕೆ ಎರಡು ಸಲ ಯೋಚಿಸುತ್ತಾರೆ. ಬೈದವರಿಲ್ಲ, ಅಶ್ಲೀಲ ಮಾತಿಲ್ಲ, ಯಾರ ಹೆಸರೂ ಇಲ್ಲ. ಯಾವ ಚೆಕ್‌ಲಿಸ್ಟಿನ ಬಲೆಗೂ ಇದು ಬೀಳುವುದಿಲ್ಲ. ಬಿದ್ದರೂ 'ಉಪಭಾಷೆಯ ಜೋಕು, ಅಪಾಯ' ಎಂದು ಇಡೀ ಪ್ಯಾರಾವನ್ನೇ ಹೊಡೆದುಹಾಕಿ, ಒಳ್ಳೆಯ ಮೂರು ವಾಕ್ಯವನ್ನೂ ಕೊಲ್ಲುತ್ತದೆ.

ಅದಕ್ಕೇ ನಾನು ವಿಷಯವನ್ನು ನೋಡುವುದಿಲ್ಲ. ಈ ಸಾಲನ್ನು ಎರಡೂ ಊರಲ್ಲಿ ಒಂದಕ್ಷರ ಬದಲಿಸದೆ ಹೇಳಬಹುದಾ ಎಂದು ಕೇಳುತ್ತೇನೆ. ಎಂಬತ್ತು ರೂಪಾಯಿ ಎರಡೂ ಕಡೆ ನಡೆಯುತ್ತದೆ, ವಿಶಾಖಪಟ್ಟಣದಲ್ಲಿ ಇನ್ನೂ ಜೋರು ನಗು ಬರುತ್ತದೆ. 'ಸರಿಯಾದ ತೆಲುಗು' ವಿಜಯವಾಡದಲ್ಲಿ ಚಪ್ಪಾಳೆ ಗಿಟ್ಟಿಸಬಹುದು, ವಿಶಾಖಪಟ್ಟಣದಲ್ಲಿ ಹೇಳಲು ಆ ಹುಡುಗನಿಗೇ ಧೈರ್ಯ ಬರುವುದಿಲ್ಲ. ಕೇಳಿದೆ. "ಅಲ್ಲಿ ಅದೊಂದು ಬಿಡ್ತೀನ್ರಿ" ಅಂದ. ಅಲ್ಲಿ ಬಿಡಬೇಕಾದದ್ದನ್ನು ಇಲ್ಲಿ ಹೇಳುವುದಕ್ಕೆ ಇರುವ ಕಾರಣ ಒಂದೇ, ಇಲ್ಲಿ ತಿರುಗಿ ಹೇಳುವವರು ಕಡಿಮೆ.

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತು. "ಮದುವೆ ಮನೇಲಿ ಇದೆಲ್ಲ ಇದ್ದದ್ದೇ. ನಮ್ಮಜ್ಜಿ ಕಾಲದ ಬೀಗರ ಹಾಡಿನಲ್ಲಿ ಇದಕ್ಕಿಂತ ಕೆಟ್ಟದ್ದಿತ್ತು, ಯಾರೂ ಮುನಿಸಿಕೊಳ್ಳಲಿಲ್ಲ. ಈಗಿನವರಿಗೆ ಎಲ್ಲದಕ್ಕೂ ನೋವು." ಇತ್ತು, ನಿಜ. ಕನ್ನಡದ ಬೀಗರ ಹಾಡುಗಳಲ್ಲೂ ತೆಲುಗಿನ ವಿಯ್ಯಪುರಾಲಿನ ಹಾಡುಗಳಲ್ಲೂ ಗಂಡಿನ ತಾಯಿಯ ಹೊಟ್ಟೆಬಾಕತನ, ಜಿಪುಣತನ, ಮೈಬಣ್ಣ, ನಡತೆ ಏನನ್ನೂ ಬಿಡುತ್ತಿರಲಿಲ್ಲ. ಆದರೆ ಆ ಹಾಡು ಹೇಗೆ ನಡೆಯುತ್ತಿತ್ತು ಎಂಬುದನ್ನು ಈ ಆಕ್ಷೇಪ ಮರೆಯುತ್ತದೆ. ಈ ಕಡೆಯ ಹೆಂಗಸರು ಒಂದು ನುಡಿ ಹಾಡಿದರೆ ಆ ಕಡೆಯವರು ಅದಕ್ಕೆ ತಿರುಗುನುಡಿ ಕಟ್ಟುತ್ತಿದ್ದರು. ಬೈಸಿಕೊಂಡವಳ ಕೈಗೆ ಮುಂದಿನ ಸರದಿ ಬರುತ್ತಿತ್ತು. 1940ರಲ್ಲಿ ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್-ಬ್ರೌನ್ ಪರಿಹಾಸ ಸಂಬಂಧಗಳ ಬಗ್ಗೆ ಬರೆದ ಲೇಖನದಲ್ಲಿ ಇದನ್ನೇ ಬಿಡಿಸಿ ನೋಡುತ್ತಾನೆ: ಕೆಲವು ನಂಟುಗಳಲ್ಲಿ ಒಬ್ಬರು ಕೆಣಕಬಹುದು, ಇನ್ನೊಬ್ಬರು ಮುನಿಯುವಂತಿಲ್ಲ, ಸಂಪ್ರದಾಯವೇ ಅದಕ್ಕೆ ಒಪ್ಪಿಗೆ ಕೊಟ್ಟಿರುತ್ತದೆ, ಕೆಲವೆಡೆ ಕೆಣಕುವಿಕೆ ಎರಡೂ ಕಡೆಯಿಂದ, ಕೆಲವೆಡೆ ಒಂದೇ ಕಡೆಯಿಂದ. ನಮ್ಮಲ್ಲಿ ಭಾವನಿಗೂ ನಾದಿನಿಗೂ ಆ ಒಪ್ಪಿಗೆ ಉಂಟು. ಹುಬ್ಬಳ್ಳಿಯ ಗೆಳೆಯನಿಗೆ ವರನ ಜೊತೆ ಉಂಟು, ವರನ ತಾಯಿಯ ಜೊತೆ ಇಲ್ಲ. ಮೈಕ್ ಒಂದೇ, ಅದು ಅವನ ಕೈಯಲ್ಲಿ. ಬೀಗರ ಹಾಡಿನ ಬೈಗುಳವನ್ನು ಉಳಿಸಿಕೊಂಡು ಸರದಿಯನ್ನು ಕಿತ್ತುಹಾಕಿ, ಸಂಪ್ರದಾಯ ಎಂದು ಕರೆದರೆ ಹೇಗೆ?

ಸರದಿ ಇಲ್ಲದ ಕಡೆ ಅದನ್ನು ಭಾಷಣದೊಳಗೇ ಕಟ್ಟಬೇಕು. ನಾವು ಮಾಡಿದ್ದು ಇಷ್ಟೇ. ಕೊನೆಯ ಸಾಲನ್ನು ತೆಗೆದೆವು. ಆ ಜಾಗದಲ್ಲಿ ವರನ ಉತ್ತರವನ್ನು ಅವನನ್ನೇ ಕೇಳಿ ತಂದೆವು. ಈ ಹುಡುಗನೂ ಹಾಸ್ಟೆಲಿನಲ್ಲಿ ಬೆಳಗೆದ್ದರೆ "ಏನ್ ಮಾಡಾಕತ್ತೀ" ಎನ್ನುತ್ತಿದ್ದನಂತೆ, ವರನಿಗೆ ಅದರಲ್ಲಿ 'ಕತ್ತಿ' ಮಾತ್ರ ಕೇಳಿಸಿ, ತೆಲುಗಿನಲ್ಲೂ ಅದು ಕತ್ತಿಯೇ ಆದ್ದರಿಂದ, ಮೊದಲ ವಾರ ಇವನ ಕಡೆ ಬೆನ್ನು ಹಾಕಿ ಮಲಗಲು ಹೆದರುತ್ತಿದ್ದನಂತೆ. ಈಗ ಇಬ್ಬರ ಮಾತಿಗೂ ಸಮಸಮ ಏಟು. ಎರಡೂ ಊರಲ್ಲಿ ಹೇಳಬಹುದು.

ಅನುವಾದದಲ್ಲಿ ಒಂದು ಸಣ್ಣ ಗಂಟಿತ್ತು. ಇಂಗ್ಲಿಷ್ ವಾಕ್ಯದಲ್ಲಿ ನಗೆಯ ಪದ ಕಟ್ಟಕಡೆಗೆ ಬರುತ್ತದೆ. ಕನ್ನಡ, ತೆಲುಗಿನಲ್ಲಿ ಕಡೆಯ ಜಾಗ ಕ್ರಿಯಾಪದದ್ದು. 'ಎಂಬತ್ತು ರೂಪಾಯಿ ಕೊಟ್ಟೆ' ಎಂದರೆ ಎಂಬತ್ತಿಗೇ ನಗು ಹತ್ತಿಕೊಂಡು, 'ಕೊಟ್ಟೆ' ಆ ಗದ್ದಲದಲ್ಲಿ ಮುಳುಗುತ್ತದೆ. ಇಲ್ಲವೇ ಜನ 'ಕೊಟ್ಟೆ' ಬರುವವರೆಗೆ ಕಾದು ನಗು ಆರಿಹೋಗುತ್ತದೆ. ವಾಕ್ಯವನ್ನು ತಿರುಗಿಸಬೇಕು: 'ನಾನು ಕೊಟ್ಟದ್ದು ಎಂಬತ್ತು ರೂಪಾಯಿ.' ತೆಲುಗಿನಲ್ಲಿ 'ನೇನು ಇಚ್ಚಿಂದಿ', ಒಂದು ಕ್ಷಣ ನಿಲ್ಲು, ಆಮೇಲೆ ಮೊತ್ತ. ಜೋಕು ಬರಲಿಲ್ಲ, ಜನ ಸರಿಯಿಲ್ಲ ಎಂದು ಗೊಣಗುವವರು ಒಮ್ಮೆ ತಮ್ಮ ವಾಕ್ಯದ ಕೊನೆಯ ಪದ ಯಾವುದು ಎಂದು ನೋಡಲಿ.

ಇನ್ನು ಕೊನೆ. ಸ್ನೇಹಿತರ ಸಲಹೆ "ಎಂಡಿಂಗ್ ಎಮೋಷನಲ್ ಆಗಿ ಇರಲಿ" ಎಂದಿತ್ತು, ಹುಡುಗ ಪಾಲಿಸಿದ್ದ. ವರನ ತಂದೆ ತೀರಿಕೊಂಡು ಮೂರು ವರ್ಷ. ಕರಡಿನ ಕೊನೆಯ ಪ್ಯಾರಾ "ಇವತ್ತು ಅಂಕಲ್ ಇದ್ದಿದ್ದರೆ" ಎಂದು ಶುರುವಾಗಿ, ಅವರು ಮೇಲಿಂದ ಹರಸುತ್ತಿದ್ದಾರೆ ಎಂದು ಮುಗಿಯುತ್ತಿತ್ತು. ಕಣ್ಣೀರು ಗ್ಯಾರಂಟಿ. ಯಾರ ಖರ್ಚಿನಲ್ಲಿ ಎನ್ನುವುದೇ ನನ್ನ ತಕರಾರು. 'ಇದ್ದಿದ್ದರೆ' ಎಂಬ ಪದ ಮೈಕಿನಲ್ಲಿ ಬಂದ ಕ್ಷಣ ಐನೂರು ತಲೆ ತಿರುಗುವುದು ಒಬ್ಬ ಹೆಂಗಸಿನ ಕಡೆಗೆ. ವಿಡಿಯೋದವನ ಕ್ಯಾಮೆರಾವೂ ಅತ್ತಲೇ. ಗಂಡ ತೀರಿಕೊಂಡವರನ್ನು ಮಂಗಳಕಾರ್ಯದಲ್ಲಿ ಹಿಂದಿನ ಸಾಲಿಗೆ ಸರಿಸುವ ರೂಢಿ ಎರಡೂ ರಾಜ್ಯದಲ್ಲಿ ಇನ್ನೂ ಸತ್ತಿಲ್ಲ. ವೀರೇಶಲಿಂಗಂ ಪಂತುಲು ರಾಜಮಹೇಂದ್ರಿಯಲ್ಲಿ ಮೊದಲ ವಿಧವಾ ವಿವಾಹ ಮಾಡಿಸಿದ್ದು 1881ರ ಡಿಸೆಂಬರಿನಲ್ಲಿ. ರತ್ನಾಚಲ್ ಆ ಊರನ್ನು ಹಾದೇ ಹೋಗುತ್ತದೆ. ಈ ತಾಯಿ ಅಷ್ಟನ್ನೂ ದಾಟಿ, ಬಣ್ಣದ ಸೀರೆ ಉಟ್ಟು, ಮೊದಲ ಸಾಲಿನಲ್ಲಿ ಕೂತಿರುತ್ತಾರೆ. ಅವರ ದುಃಖವನ್ನು ಅವರನ್ನು ಕೇಳದೆ ಪರದೆಯ ಮೇಲೆ ಹಾಕುವುದಕ್ಕೆ 'ಭಾವುಕ ಅಂತ್ಯ' ಎಂದು ಹೆಸರು. ತೆಲುಗು ಮದುವೆಯಲ್ಲಿ ಅಳುವುದಕ್ಕೆ ಅಪ್ಪಗಿಂತಲು ಇದೆ, ನಮ್ಮಲ್ಲಿ ಹೆಣ್ಣೊಪ್ಪಿಸುವ ಶಾಸ್ತ್ರವಿದೆ. ಅಲ್ಲಿ ಅಳುವವರು ತಮ್ಮ ಅಳುವನ್ನು ತಾವೇ ಅಳುತ್ತಾರೆ.

ತಂದೆಯ ಮಾತೇ ಬೇಡ ಎಂದು ಅಳಿಸುವುದು ಸುಲಭವಿತ್ತು. ಅದೂ ಚೆಕ್‌ಲಿಸ್ಟಿನ ಬುದ್ಧಿಯೇ. ತಾಯಿಯನ್ನು ಕೇಳಿ ಎಂದು ವರನಿಗೆ ಹೇಳಿಕಳಿಸಿದೆ. ಆಕೆಯ ಉತ್ತರ ಎರಡು ವಾಕ್ಯದಲ್ಲಿ ಬಂತು: ಅವರ ಹೆಸರು ಹೇಳದೆ ಇರಬೇಡ. ಹೋದದ್ದನ್ನು ಹೇಳಬೇಡ, ಇದ್ದದ್ದನ್ನು ಹೇಳು. ಇದ್ದದ್ದು ಎಂದರೆ ಏನು ಎಂದು ಹುಡುಗನನ್ನು ಕೆದಕಿದಾಗ ಸಿಕ್ಕಿತು. ತಂದೆ ಸ್ಟೀಲ್ ಪ್ಲಾಂಟಿನಲ್ಲಿ ಶಿಫ್ಟ್ ಕೆಲಸದಲ್ಲಿದ್ದರು. ನೈಟ್ ಶಿಫ್ಟ್ ಮುಗಿಸಿ ಮನೆಗೆ ಬಂದು ಬೆಳಗ್ಗೆ ಹಾಸ್ಟೆಲಿಗೆ ಫೋನ್ ಮಾಡುತ್ತಿದ್ದರು. ಮಗ ಏಳದಿದ್ದರೆ ಎತ್ತುತ್ತಿದ್ದವನು ಈ ಹುಬ್ಬಳ್ಳಿಯವನು. ಅತ್ತ ಕಡೆಯಿಂದ ಬರುತ್ತಿದ್ದ ಮೊದಲ ಮಾತು 'ಏಟಿ?'

ಸ್ಪಷ್ಟ ಅಂತ್ಯ ಎಂದರೆ ಇನ್ನೊಂದು ಅರ್ಥವೂ ಇದೆ, ಅದನ್ನು ಯಾರೂ ನೋಡುವುದಿಲ್ಲ: ಭಾಷಣ ಮುಗಿಯಿತು ಎಂದು ಜನರಿಗೆ ತಿಳಿಯಬೇಕು. ಹಾರೈಕೆಯ ಮೇಲೆ ಹಾರೈಕೆ ಪೇರಿಸಿದರೆ ಮೂರು ಸಲ ಚಪ್ಪಾಳೆ ಶುರುವಾಗಿ ಮೂರು ಸಲ ನಿಲ್ಲುತ್ತದೆ, ಸಾಲಿನಲ್ಲಿ ನಿಂತವರು ಒಂದು ಹೆಜ್ಜೆ ಮುಂದಿಟ್ಟು ಹಿಂದೆ ಸರಿಯುತ್ತಾರೆ. ಕೊನೆಯ ಮಾತು ಒಬ್ಬರ ಕಡೆ ತಿರುಗಿ ಹೇಳುವಂಥದ್ದಾಗಿರಬೇಕು, ಅದರ ಬೆನ್ನಿಗೇ ಕೈ ಮಾಡುವ ಒಂದು ಕೆಲಸ ಇರಬೇಕು. ಹಾಗೆಂದು "ನಮ್ಮ ಹುಡುಗನನ್ನು ಚೆನ್ನಾಗಿ ನೋಡಿಕೊಳ್ಳಮ್ಮ" ಎಂದು ಮದುಮಗಳಿಗೆ ಒಪ್ಪಿಸುವ ಮಾಮೂಲಿ ಸಾಲನ್ನು ನಾನು ಯಾರಿಗೂ ಬರೆದುಕೊಡುವುದಿಲ್ಲ. ಮೂವತ್ತು ವರ್ಷದ ಗಂಡಸು, ತನ್ನನ್ನು ತಾನು ನೋಡಿಕೊಳ್ಳಲಿ.

ವಿಶಾಖಪಟ್ಟಣಕ್ಕೆ ಹೋದ ಕೊನೆಯ ರೂಪ, ಕನ್ನಡದಲ್ಲಿ, ಹೀಗಿತ್ತು:

"ನಾಲ್ಕು ವರ್ಷ ಬೆಳಗ್ಗೆ ಆರೂವರೆಗೆ ನನ್ನನ್ನು ಎಬ್ಬಿಸಿದ್ದು ಅಂಕಲ್ ಫೋನು. ಮಗನಿಗೆ ಮಾಡಿದ ಫೋನು, ಎದ್ದವನು ನಾನು. ಎತ್ತಿದ ಕೂಡಲೇ 'ಏಟಿ?' ಅನ್ನುತ್ತಿದ್ದರು. ನನಗೆ ತೆಲುಗಿನಲ್ಲಿ ಮೊದಲು ಬಂದ ಪದ ಅದು, ಕಲಿಸಿದವರು ಅವರು. ವದಿನಗಾರು, ನಿಮ್ಮ ಮನೆಯಲ್ಲಿ ಇನ್ನು ಎರಡು ತೆಲುಗು. ಎರಡನ್ನೂ ಮಾತಾಡಿ. ಮತ್ತೆ ಆ ಎಂಬತ್ತು ರೂಪಾಯಿ ನನಗೆ ಬೇಡ." ಇಲ್ಲಿ ಜೇಬಿನಿಂದ ಒಂದು ಕವರ್ ತೆಗೆದು ವಧುವಿನ ಕೈಗೆ ಕೊಡಬೇಕು. "ಇದು ಇನ್ನೊಂದು ಎಂಬತ್ತು. ಅವನು 'ಏಟಿ' ಅಂದಾಗ ಕೊಡಿ."

ಕವರ್ ಕೊಟ್ಟು ವೇದಿಕೆ ಇಳಿಯಬೇಕು, ಮೈಕ್ ಕಡೆ ಮತ್ತೆ ಹೋಗಬಾರದು ಎಂದು ಕಾಗದದ ಅಂಚಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿದ್ದೆ. ಓದಿಸಿ ನೋಡಿದಾಗ ಮೂರು ನಿಮಿಷ ನಲವತ್ತು ಸೆಕೆಂಡ್, ಅಂದರೆ ಏಳು ಕುಟುಂಬ.